ಅಪ್ಪನ ಏಳು ಮಾತ್ರೆಗೆ ಒಂದು ಚಾರ್ಟ್

ಚಾರ್ಟನ್ನು ಮಾತ್ರೆ ಹೆಸರಿನ ಪ್ರಕಾರ ಬರೆಯಬೇಡಿ, ಹೊತ್ತಿನ ಪ್ರಕಾರ ಬರೆಯಿರಿ. ನಮ್ಮಪ್ಪನಿಗೆ ದಿನಕ್ಕೆ ಏಳು ಮಾತ್ರೆ. ಮೊದಲು ಹೆಸರಿನ ಪಟ್ಟಿ ಮಾಡಿದ್ದೆ, ಪ್ರತಿ ಸಲ ಏಳೂ ಸಾಲು ಓದಬೇಕಾಗಿ ಅವರಿಗೆ ಗೊಂದಲವಾಗುತ್ತಿತ್ತು. ಈಗ ನಾಲ್ಕೇ ಸಾಲು.

ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ಬರೀ ನೀರಿನ ಜೊತೆ. ತಿಂಡಿ ಆದ ಮೇಲೆ ಬಿಪಿ, ಶುಗರ್. ಮಧ್ಯಾಹ್ನ ಊಟ ಆದ ಮೇಲೆ ಕ್ಯಾಲ್ಸಿಯಂ, ರಕ್ತ ತೆಳುವಾಗಿಸುವ ಮಾತ್ರೆ. ರಾತ್ರಿ ಊಟ ಆದ ಮೇಲೆ ಶುಗರ್, ಕೊಲೆಸ್ಟ್ರಾಲ್. ಇದು ಅಪ್ಪನ ಚೀಟಿ, ನಿಮ್ಮದು ಬೇರೆ ಇರುತ್ತದೆ.

ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ ಹೋಗಿದ್ದು ಸುಮ್ನೆ ಅಲ್ಲ. ಅದು ಥೈರಾಯ್ಡ್ ಮಾತ್ರೆ ಮೈಗೆ ಹಿಡಿಯದಂತೆ ಮಾಡುತ್ತದೆ, ಎರಡರ ನಡುವೆ 4 ಗಂಟೆ ಅಂತರ ಬೇಕು. ನಾವು ಮೊದಲು ಎರಡನ್ನೂ ಬೆಳಿಗ್ಗೆಯೇ ಕೊಡುತ್ತಿದ್ದೆವು!

ಪ್ರತಿ ಸಾಲಿನ ಮುಂದೆ ದಿನಕ್ಕೊಂದು ಚೌಕ ಇರಲಿ. ಮಾತ್ರೆ ನುಂಗಿದ ಮೇಲೆಯೇ ಟಿಕ್ ಹಾಕಬೇಕು, ಕೈಗೆ ತೆಗೆದುಕೊಂಡಾಗ ಅಲ್ಲ. ಟಿಕ್ ಇಲ್ಲದಿದ್ದರೆ ಸ್ಟ್ರಿಪ್ ಎಣಿಸಿ ನೋಡಿ. ಮರೆತಿದ್ದು ಖಚಿತವಾದರೂ ಮುಂದಿನ ಸಲ ಎರಡು ಕೊಡಬೇಡಿ, ಡಾಕ್ಟರನ್ನು ಕೇಳಿ.

'ಬಿಳಿ ಮಾತ್ರೆ' ಎಂದು ಬರೆಯಲೇಬೇಡಿ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಔಷಧದ ಹೆಸರು, ಎಷ್ಟು ಎಂಜಿ, ಯಾತಕ್ಕೆ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.