ಮೊದಲು ಕೇಳಬೇಕಾದದ್ದು: ಡಿಮ್ಯಾಟ್ ನಂಬರ್ ಎಷ್ಟು?

ಅಕ್ಕನ ಮಗ ಒಂದು ಸಂಜೆ ಫೋನ್ ಮಾಡಿದ. "ಮಾವ, ಷೇರು ಕೊಳ್ಳೋ ಹೊಸ ಆ್ಯಪ್ ಸಿಕ್ಕಿದೆ. ಬ್ರೋಕರೇಜೇ ಇಲ್ಲ. 5,000 ಹಾಕಿದ್ದೆ, ಆಗಲೇ 6,800 ತೋರಿಸ್ತಿದೆ. 500 ತೆಗೆದು ನೋಡ್ದೆ, ಬ್ಯಾಂಕಿಗೆ ಬಂತು ಕೂಡ."

ನಾನು ಹತ್ತು ವರ್ಷದಿಂದ ಚೂರುಪಾರು ಷೇರು ಕೊಳ್ಳುತ್ತಿದ್ದೇನೆ. ಕೆಲಸ ಅಕೌಂಟ್ಸ್ ವಿಭಾಗದಲ್ಲಿ, ಹಾಗಾಗಿ ಲಾಭಕ್ಕಿಂತ ಲೆಡ್ಜರ್ ನೋಡೋ ಚಟ ಜಾಸ್ತಿ. ಅವನಿಗೆ ಒಂದೇ ಪ್ರಶ್ನೆ ಕೇಳಿದೆ: "ನಿನ್ನ ಡಿಮ್ಯಾಟ್ ನಂಬರ್ ಎಷ್ಟೋ?"

"ಅದೇನು ಮಾವ?"

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತ್ತು. ನಾವು ಕೊಂಡ ಷೇರು ಆ್ಯಪ್ ಒಳಗೆ ಇರುವುದಿಲ್ಲ. ಅದು ಸಿಡಿಎಸ್ಎಲ್ ಅಥವಾ ಎನ್ಎಸ್‌ಡಿಎಲ್ ಎಂಬ ಎರಡು ಡಿಪಾಸಿಟರಿಗಳಲ್ಲಿ ಒಂದರಲ್ಲಿ, ನಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿರುತ್ತದೆ. ಸಿಡಿಎಸ್ಎಲ್ ಖಾತೆಗೆ 16 ಅಂಕಿಯ ನಂಬರ್. ಎನ್ಎಸ್‌ಡಿಎಲ್ ಆದರೆ ಅದು IN ಎಂದು ಶುರುವಾಗುತ್ತದೆ. ನಿಜವಾದ ಆ್ಯಪ್‌ನಲ್ಲಿ ಈ ನಂಬರ್ ಪ್ರೊಫೈಲ್ ಪುಟದಲ್ಲೇ ಇರುತ್ತದೆ. ಅವನ ಆ್ಯಪ್‌ನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಪುಟದ ಕೆಳಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ಸಂಖ್ಯೆ ಮಾತ್ರ ಇತ್ತು. INZ ಎಂದು ಶುರುವಾಗುವ ಸಂಖ್ಯೆ, ಷೇರು ಬ್ರೋಕರ್‌ಗಳಿಗೆ ಕೊಡುವಂಥದ್ದೇ. ಸೆಬಿ ವೆಬ್‌ಸೈಟ್‌ನ ಪಟ್ಟಿಯಲ್ಲಿ ಹುಡುಕಿದರೆ ಅದು ಬೇರೆಯದೇ ಒಂದು ಕಂಪನಿಯದು. ನಂಬರ್ ಕದಿಯೋದು ಕಷ್ಟವೇನಲ್ಲ. ಅದಕ್ಕೇ ನಂಬರ್ ಇದೆಯಾ ಅಂತ ನೋಡಿದರೆ ಸಾಲದು. ಪಟ್ಟಿಯಲ್ಲಿರುವ ಹೆಸರು ಮತ್ತು ವಿವರ ಆ್ಯಪ್‌ನವರದಕ್ಕೆ ತಾಳೆಯಾಗುತ್ತದೆಯೇ ನೋಡಬೇಕು.

ಇನ್ನೊಂದು ಪ್ರಶ್ನೆ, ದುಡ್ಡು ಯಾರ ಹೆಸರಿಗೆ ಹೋಯಿತು? ಅವನು ಎರಡು ಸಲ ಕಳಿಸಿದ್ದ, ಎರಡು ಸಲವೂ ಬೇರೆ ಬೇರೆ ಯುಪಿಐ ಐಡಿಗೆ. ಒಂದು ಯಾವುದೋ ಟ್ರೇಡರ್ಸ್ ಹೆಸರಿನದು. 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರ್‌ಗಳಿಗೆ ಬೇರೆಯದೇ ಯುಪಿಐ ವಿಳಾಸ ಬಂದಿದೆ. ಅದರಲ್ಲಿ .brk ಇರುತ್ತದೆ, ಆಮೇಲೆ @valid, ಅದಕ್ಕೆ ಅಂಟಿಕೊಂಡು ಬ್ಯಾಂಕಿನ ಹೆಸರು. ಅನುಮಾನ ಬಂದರೆ ಸೆಬಿಯ SEBI Check ಪುಟದಲ್ಲಿ ಆ ಐಡಿ ಹಾಕಿ ನೋಡಬಹುದು. ಅವನ ಎರಡೂ ಐಡಿ ಅಲ್ಲಿ ಸಿಗಲಿಲ್ಲ.

"ಆದ್ರೆ 500 ವಾಪಸ್ ಬಂತಲ್ಲ ಮಾವ?" ಅದೇ ಬಲೆ ಕಣೋ ಅಂದೆ. ನಂಬಿಸಲು ಚಿಲ್ಲರೆ ಬಿಡುತ್ತಾರೆ. ದೊಡ್ಡ ಮೊತ್ತ ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟಿ ಅನ್ನುತ್ತಾರೆ. ಹಿಂದೆ ನಾನೂ ಸ್ವಲ್ಪ ದುಡ್ಡು ತೆಗೆದು ನೋಡೋದೇ ಪರೀಕ್ಷೆ ಅಂದುಕೊಂಡಿದ್ದೆ. ಈಗ ಹೊಸ ಬ್ರೋಕರ್ ಬಳಿ ಒಂದೇ ಒಂದು ಷೇರು ಕೊಳ್ಳುತ್ತೇನೆ. ಮಾರನೇ ವ್ಯವಹಾರದ ದಿನ ಮುಗಿದ ಮೇಲೆ ಸಿಡಿಎಸ್ಎಲ್‌ನ ಈಸಿ ಸೇವೆಗೆ ನೇರವಾಗಿ ಲಾಗಿನ್ ಆಗಿ ನೋಡುತ್ತೇನೆ. ಆ ಪುಟ ಬ್ರೋಕರ್‌ನ ಕೈಯಲ್ಲಿಲ್ಲ. ಷೇರು ಅಲ್ಲಿ ಕಂಡರೆ ಮಾತ್ರ ಕೊಂಡಿದ್ದೇನೆ ಅಂತ ಲೆಕ್ಕ.

ಬ್ರೋಕರ್ ನೋಂದಾಯಿತ ಅಂತ ಖಾತ್ರಿಯಾದ ಮೇಲೂ ಈ ಅಭ್ಯಾಸ ಬಿಟ್ಟಿಲ್ಲ. 2019ರ ನವೆಂಬರ್‌ನಲ್ಲಿ ಸೆಬಿ ಹೈದರಾಬಾದಿನ ಕಾರ್ವಿ ಸಂಸ್ಥೆಯ ಮೇಲೆ ಆದೇಶ ಹೊರಡಿಸಿತಲ್ಲ, ಅಲ್ಲಿ ಗ್ರಾಹಕರ ಷೇರುಗಳನ್ನೇ ಅಡ ಇಟ್ಟು ಸಾಲ ತಂದಿದ್ದರು. ಅದಾದ ಮೇಲೆ ನಿಯಮ ಬಿಗಿಯಾಗಿದೆ. ಆದರೂ ಖಾತೆ ತೆರೆಯುವಾಗ ಮಾರಿದ ಷೇರನ್ನು ಬ್ರೋಕರ್ ತಾನೇ ತೆಗೆದುಕೊಳ್ಳಲು ಬಿಡುವ ಡಿಡಿಪಿಐ ಎಂಬ ಅಧಿಕಾರ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಅದು ಕಡ್ಡಾಯವಲ್ಲ. ಮಾರುವಾಗ ಡಿಪಾಸಿಟರಿಯ ಗುಪ್ತ ಸಂಖ್ಯೆ ಟಿಪಿನ್, ಒಟಿಪಿ ಹಾಕಬೇಕು, ಒಂದು ನಿಮಿಷದ ಕಿರಿಕಿರಿ ಅಷ್ಟೇ.

ಇನ್ನು ಖರ್ಚಿನ ವಿಷಯ. ಇಲ್ಲಿ ನಾನೇ ಬೇಸ್ತು ಬಿದ್ದಿದ್ದೆ. ನನ್ನ ಆ್ಯಪ್ ಕೂಡ ಷೇರು ಕೊಂಡು ಇಟ್ಟುಕೊಳ್ಳುವ ಡೆಲಿವರಿಗೆ ಬ್ರೋಕರೇಜ್ ಸೊನ್ನೆ ಅನ್ನುವಂಥದ್ದೇ, ಸುಳ್ಳೇನೂ ಹೇಳಿರಲಿಲ್ಲ. 400 ರೂಪಾಯಿಯ 6 ಷೇರು ಕೊಂಡೆ, 2,400 ಆಯಿತು. ಬೆಲೆ 425ಕ್ಕೆ ಬಂದಾಗ ಇನ್ನೂ ಏರಬಹುದು ಅನ್ನೋ ಆಸೆಯಿಂದ ಮೂರು ದಿನ ಎರಡೆರಡೇ ಮಾರಿದೆ. ಮೂರು ದಿನವೂ 425ರಲ್ಲೇ ನಿಂತಿತ್ತು ಅನ್ನಿ. 2,550 ಬಂತು, 150 ಲಾಭ.

ಬ್ರೋಕರ್ ಕಳಿಸುವ ಬಿಲ್, ಅಂದರೆ ಕಾಂಟ್ರಾಕ್ಟ್ ನೋಟ್‌ಗಳನ್ನು ಕೂಡಿಸಿದೆ. ಎಸ್‌ಟಿಟಿ ಎಂಬ ತೆರಿಗೆ, ಸ್ಟ್ಯಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಶುಲ್ಕ ಎಲ್ಲ ಸೇರಿ 6 ರೂಪಾಯಿ ಆಸುಪಾಸು. ಹಾಗಾದರೆ 144 ಉಳಿಯಬೇಕು. ಖಾತೆಯಲ್ಲಿ 91 ಇತ್ತು.

ಕಾಣೆಯಾದ 53 ರೂಪಾಯಿ ಸಿಕ್ಕಿದ್ದು ಲೆಡ್ಜರ್‌ನಲ್ಲಿ. ಡಿಪಿ ಚಾರ್ಜ್ ಅಂತ ಮೂರು ಸಾಲು, ಒಂದೊಂದೂ 17.70. ಡಿಮ್ಯಾಟ್‌ನಿಂದ ಷೇರು ಹೊರಗೆ ಹೋದಾಗ 15 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಒಂದು ಕಂಪನಿಯ ಷೇರಿಗೆ ಒಂದು ದಿನಕ್ಕೆ ಒಂದು ಸಲ. ಒಂದು ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ಆರನ್ನೂ ಒಂದೇ ದಿನ ಮಾರಿದ್ದರೆ 35.40 ಉಳಿಯುತ್ತಿತ್ತು. ನನ್ನ ಆಸೆ, ನನ್ನ ದಂಡ! ಆದರೆ ಈ ಶುಲ್ಕ ಕಾಂಟ್ರಾಕ್ಟ್ ನೋಟ್‌ನಲ್ಲಿ ಇರಲಿಲ್ಲ. ಆರ್ಡರ್ ಹಾಕುವ ಪರದೆಯಲ್ಲೂ ಇರಲಿಲ್ಲ. ಶುಲ್ಕಗಳ ಪುಟದ ತೀರಾ ಕೆಳಗೆ ಬರೆದಿದ್ದರು, ನಾನು ಓದಿರಲಿಲ್ಲ.

ಅಲ್ಲಿಂದ ಮುಂದೆ ಯಾವ ಬ್ರೋಕರ್‌ನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೂ ಬ್ರೋಕರೇಜ್ ಎಷ್ಟು ಅಂತ ಕೇಳಲ್ಲ. "2,000 ರೂಪಾಯಿ ಷೇರು ಇವತ್ತು ಕೊಂಡು ಮುಂದಿನ ತಿಂಗಳು ಮಾರಿದರೆ ನನ್ನ ಕೈಯಿಂದ ಒಟ್ಟು ಎಷ್ಟು ಹೋಗುತ್ತೆ, ಡಿಪಿ ಚಾರ್ಜ್ ಸೇರಿಸಿ ಹೇಳಿ" ಅನ್ನುತ್ತೇನೆ. ರೂಪಾಯಿಯಲ್ಲಿ ಲೆಕ್ಕ ಕೊಟ್ಟವರು ಸರಿ. "ತುಂಬಾ ಕಡಿಮೆ ಸರ್" ಅಂದವರನ್ನು ಬಿಟ್ಟುಬಿಡುತ್ತೇನೆ. ಜೊತೆಗೆ, ಕೊಳ್ಳುವ ಪರದೆಯಲ್ಲಿ ಎಂಟಿಎಫ್ ಅಂತ ಆಯ್ಕೆ ಆಗಿದೆಯಾ ನೋಡಿಕೊಳ್ಳಿ. ಅದು ಬ್ರೋಕರ್ ಕೊಡುವ ಸಾಲ. ವರ್ಷಕ್ಕೆ 15% ಬಡ್ಡಿ ಅಂದರೆ 10,000ಕ್ಕೆ ದಿನಕ್ಕೆ 4 ರೂಪಾಯಿ ಚಿಲ್ಲರೆ, ಭಾನುವಾರವೂ ಓಡುತ್ತದೆ.

ಲೆಡ್ಜರ್‌ನಲ್ಲಿ ಇನ್ನೊಂದು ಸಾಲೂ ಇತ್ತು. ಮೂರು ತಿಂಗಳಿಗೊಮ್ಮೆ 88.50, ಖಾತೆ ನಿರ್ವಹಣೆಯ ಎಎಂಸಿ. ವರ್ಷಕ್ಕೆ 354. 2024ರ ಸೆಪ್ಟೆಂಬರ್‌ನಿಂದ, ಷೇರಿನ ಮೌಲ್ಯ 4 ಲಕ್ಷದೊಳಗಿದ್ದರೆ ಬೇಸಿಕ್ ಡಿಮ್ಯಾಟ್‌ಗೆ ಎಎಂಸಿ ಇಲ್ಲ. ಮತ್ತೆ ನನಗೇಕೆ ಅಂತ ಕೇಳಿದೆ. "ಸರ್, ನಿಮ್ಮ ಪ್ಯಾನ್‌ಗೆ ಇನ್ನೊಂದು ಡಿಮ್ಯಾಟ್ ಇದೆ" ಅಂದರು. ಈ ಸೌಲಭ್ಯಕ್ಕೆ ಒಬ್ಬರ ಹೆಸರಲ್ಲಿ ಒಂದೇ ಡಿಮ್ಯಾಟ್ ಇರಬೇಕಂತೆ. ಆಗ ನೆನಪಾಯಿತು, ಯಾವುದೋ ಐಪಿಒಗೆ ಅರ್ಜಿ ಹಾಕಲು ಬ್ಯಾಂಕಿನಲ್ಲಿ ತೆರೆದು ಮರೆತಿದ್ದ ಖಾತೆ. ಷೇರು ಅಲಾಟ್ ಆಗಿರಲೇ ಇಲ್ಲ. ಬ್ಯಾಂಕಿಗೆ ಹೋಗಿ ಕ್ಲೋಶರ್ ಫಾರಂ ತುಂಬಿ ಮುಚ್ಚಿಸಿದೆ. ಮುಚ್ಚಲು ಶುಲ್ಕ ಇಲ್ಲ. ಆಮೇಲೆ ಬ್ರೋಕರ್‌ಗೆ ಬರೆದು ನನ್ನದನ್ನು ಬೇಸಿಕ್‌ಗೆ ಬದಲಾಯಿಸಿಕೊಂಡೆ. ಮುಂದಿನ ತ್ರೈಮಾಸಿಕದ ಲೆಡ್ಜರ್‌ನಲ್ಲಿ ಆ ಸಾಲು ಇರಲಿಲ್ಲ.

ಅಕ್ಕನ ಮಗ ಆ ರಾತ್ರಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟ. ಅವನ ಆ್ಯಪ್ ಈಗಲೂ 6,800 ತೋರಿಸುತ್ತಿದೆಯಂತೆ.