ಹಾಬೆನ್ ಅಲ್ಲ, ಹಾಬ್ಮ್

ಜರ್ಮನ್ ಬಿ1 ಪರೀಕ್ಷೆಯಲ್ಲಿ ಓದುವುದು, ಬರೆಯುವುದು ಪಾಸಾಯಿತು. ಕೇಳುವುದರಲ್ಲಿ ಬಿದ್ದೆ. ಅದಕ್ಕಾಗಿ ಎರಡು ತಿಂಗಳು ನಿಧಾನವಾಗಿ ಓದುವ ಸುದ್ದಿ ಕೇಳಿದ್ದೆ. ಅಲ್ಲಿ ಒಂದೊಂದು ಪದವನ್ನೂ ಬಿಡಿಸಿ ಓದುತ್ತಾರೆ. ಸಾಮಾನ್ಯ ಮಾತು ಹಾಗಿರುವುದಿಲ್ಲ ಅಲ್ವಾ?

ಆಮೇಲೆ ಹಿಡಿದದ್ದು ಶ್ಯಾಡೋಯಿಂಗ್. ಆಡಿಯೋ ನಿಲ್ಲಿಸದೆ, ಅರ್ಧ ಪದದಷ್ಟು ಹಿಂದೆ ಉಳಿದು, ಜೊತೆಜೊತೆಗೇ ಹೇಳುತ್ತಾ ಹೋಗುವುದು. ನಿಲ್ಲಿಸಿ ಹೇಳಿದರೆ ನಾವು ನೆನಪಿನಿಂದ ಹೇಳುತ್ತೇವೆ, ಮತ್ತು ನೆನಪಿನಲ್ಲಿರುವುದು ಪುಸ್ತಕದ ಪದ. ಬೆನ್ನು ಹತ್ತಿದರೆ ಕೇಳಿದ್ದನ್ನೇ ಹೇಳಬೇಕಾಗುತ್ತದೆ.

ನಾನು ನರ್ಸ್, ಹಾಗಾಗಿ ಆಸ್ಪತ್ರೆಯ ಸಂಭಾಷಣೆಯನ್ನೇ ಆರಿಸಿದೆ. ಬರೀ 40 ಸೆಕೆಂಡಿನ ತುಣುಕು, ಜೊತೆಗೆ ಅದರ ಬರಹ. ಅದರಲ್ಲಿ ‘ಯಾವಾಗಿನಿಂದ ನೋವಿದೆ?’ ಎಂಬ ಪ್ರಶ್ನೆ ಇತ್ತು. ಬರೆದದ್ದು ‘ಜೈಟ್ ವನ್ ಹಾಬೆನ್ ಜೀ ಶ್ಮೆರ್ತ್ಸೆನ್’. ನಾನು ಹಾಗೆಯೇ ಹೇಳಿದೆ. ಪ್ರತಿ ಸಲವೂ ‘ಹಾಬೆನ್’ ಹತ್ತಿರ ಹಿಂದೆ ಬಿದ್ದೆ. ನಾಲ್ಕನೇ ಸಲ ತಿಳಿಯಿತು, ಆಡಿಯೋದಲ್ಲಿ ಪ್ರಶ್ನೆ ಕೇಳುವಾಕೆ ‘ಹಾಬೆನ್’ ಅನ್ನುತ್ತಲೇ ಇಲ್ಲ. ‘ಹಾಬ್ಮ್’ ಅನ್ನುತ್ತಾಳೆ. ‘ಶ್ಮೆರ್ತ್ಸೆನ್’ ಕೂಡ ‘ಶ್ಮೆಅತ್ಸ್ನ್’. ಹಿಂದೆ ಬೀಳುವ ಜಾಗವೇ ಕಿವಿ ತಪ್ಪುವ ಜಾಗ. ಅಲ್ಲಿ ಪೆನ್ಸಿಲ್ ಗುರುತು ಹಾಕುತ್ತೇನೆ.

ದಿನಕ್ಕೆ 15 ನಿಮಿಷ, ಒಂದು ತುಣುಕಿಗೆ ನಾಲ್ಕು ದಿನ. ಮೊದಲ ದಿನ ಸುಮ್ನೆ ಕೇಳಿ, ಬರಹ ಓದಿ ಅರ್ಥ ಮಾಡಿಕೊಳ್ಳುತ್ತೇನೆ. ಎರಡನೇ ದಿನ ಬರಹ ನೋಡುತ್ತಾ ಜೊತೆಗೆ ಹೇಳುವುದು. ಮೂರನೇ ದಿನ ನೋಡದೆ. ನಾಲ್ಕನೇ ದಿನ ಅಮ್ಮನ ಫೋನಿನಲ್ಲಿ ರೆಕಾರ್ಡ್ ಮಾಡಿ ಎರಡನ್ನೂ ಹೋಲಿಸುತ್ತೇನೆ. ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ನನ್ನ ದನಿಗೆ. ಈ ವಿಧಾನವನ್ನು ಜನಪ್ರಿಯಗೊಳಿಸಿದ ಅಮೆರಿಕದ ಅಲೆಕ್ಸಾಂಡರ್ ಆರ್ಗ್ವೆಯೆಸ್ ಹೊರಗೆ ಬಿರುಸಾಗಿ ನಡೆಯುತ್ತಾ, ಗಟ್ಟಿಯಾಗಿ ಹೇಳಿ ಅನ್ನುತ್ತಾರೆ. ನಾನು ಬದಿಯಡ್ಕದ ನಮ್ಮ ಅಡಿಕೆ ತೋಟದಲ್ಲಿ ನಡೆಯುತ್ತೇನೆ. “ಬೆಳಗ್ಗೆ ಬೆಳಗ್ಗೆ ಯಾರ ಹತ್ರ ಜಗಳ ನಿಂದು?” ಎಂದು ಅಮ್ಮ ಕೇಳಿದ್ದುಂಟು. ರೈಲಿನಲ್ಲಿ ಪಿಸುಗುಟ್ಟಿ ನೋಡಿದೆ, ಪ್ರಯೋಜನವಾಗಲಿಲ್ಲ. ಪಿಸುಮಾತಿನಲ್ಲಿ ದನಿಯ ಏರಿಳಿತವೇ ಇರುವುದಿಲ್ಲ.

ಇದರಿಂದ ಎಲ್ಲವೂ ಸರಿಯಾಗುವುದಿಲ್ಲ. ಕಿವಿಗೆ ವ್ಯತ್ಯಾಸ ಗೊತ್ತಾಗದ ಸ್ವರವನ್ನು ನೂರು ಸಲ ಹಿಂಬಾಲಿಸಿದರೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಜರ್ಮನ್‌ನಲ್ಲಿ ಯು ಮೇಲೆ ಎರಡು ಚುಕ್ಕೆಯ ಅಕ್ಷರವಿದೆ. ಅದನ್ನು ನಾನು ‘ಉ’ ಎಂದೇ ಹೇಳುತ್ತಿದ್ದೆ. ಕೊನೆಗೆ ಕನ್ನಡಿ ಮುಂದೆ ನಿಂತು, ನಾಲಗೆಯನ್ನು ‘ಈ’ ಹೇಳುವ ಹಾಗೆ ಇಟ್ಟು ತುಟಿ ಮಾತ್ರ ದುಂಡಗೆ ಮಾಡಿ ಬೇರೆಯಾಗಿ ಕಲಿಯಬೇಕಾಯಿತು.

ರೆಕಾರ್ಡಿಂಗಿನಲ್ಲಿ ಜಾಸ್ತಿ ಸಿಕ್ಕಿದ್ದು ಪದದ ಕೊನೆಯ ತಪ್ಪು. ಕನ್ನಡದಲ್ಲಿ ಬಸ್ಸು, ಕಾರು ಅಂತ ಕೊನೆಗೆ ‘ಉ’ ಸೇರಿಸುತ್ತೇವೆ. ತುಳು, ಮಲಯಾಳಗಳಲ್ಲೂ ಒಂದು ಅರೆ ‘ಉ’ ಇದೆ. ಮೂರೂ ಭಾಷೆ ಆಡುವ ನಮ್ಮ ಕಾಸರಗೋಡಿನ ನಾಲಗೆ ವ್ಯಂಜನದಲ್ಲಿ ನಿಲ್ಲುವುದೇ ಇಲ್ಲ. ‘ಇಸ್ಟ್’ ಅನ್ನುವುದು ‘ಇಸ್ಟು’ ಆಗುತ್ತಿತ್ತು. ಅದು ಈಗ ಸರಿಯಾಗಿದೆ. ‘ಮತ್ತು’ ಎನ್ನುವುದಕ್ಕೆ ಜರ್ಮನ್ನರು ‘ಉಂಟ್’ ಅನ್ನುತ್ತಾರೆ. ಮೊನ್ನೆಯ ರೆಕಾರ್ಡಿಂಗಿನಲ್ಲೂ ನಾನು ಹೇಳಿದ್ದು ‘ಉಂಟು’ ಎಂದೇ.