ಮೇಲಿನ ಮನೆಗೆ ಬಂದ ಐದು ಸಾವಿರದ ಕರೆಂಟ್ ಬಿಲ್

ಮೈಸೂರಿನ ನಮ್ಮ ಮನೆಗೆ ಎರಡು ಮೀಟರ್. ಕೆಳಗೆ ನಾವಿಬ್ಬರು, ಮೇಲೆ ಮಗ ಮತ್ತು ಸೊಸೆ. ಎರಡೂ ನನ್ನ ಹೆಸರಿನಲ್ಲೇ ಇರುವುದರಿಂದ ಗೃಹಜ್ಯೋತಿ ಕೆಳಗಿನ ಮನೆಗೆ ಮಾತ್ರ. ಮೇಲಿನ ಮನೆಗೆ ತಿಂಗಳಿಗೆ ಸಾವಿರದ ಮುನ್ನೂರರ ಆಸುಪಾಸು ಬಿಲ್ ಬರುತ್ತಿತ್ತು. 2025ರ ಆಗಸ್ಟ್‌ನಲ್ಲಿ ಅದು 5,313 ರೂಪಾಯಿ ಆಯಿತು. ಮಗ ಮೊಬೈಲ್‌ನಲ್ಲಿ ಕಟ್ಟಿಬಿಡುವುದರಲ್ಲಿದ್ದ. ತಡೆದು ಚೀಟಿಯನ್ನು ಈಚೆ ಕೊಡು ಎಂದೆ. ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಬದುಕು ಸವೆಸಿದವನಿಗೆ ಮೊತ್ತಕ್ಕಿಂತ ಅದರ ಮೇಲಿನ ಸಾಲುಗಳ ಮೇಲೆ ಕಣ್ಣು.

ಮೊದಲು ನೋಡಬೇಕಾದದ್ದು ‘ಹಿಂದಿನ ಮಾಪನ’ ಮತ್ತು ‘ಇಂದಿನ ಮಾಪನ’. ಹಿಂದಿನದು 8412, ಇಂದಿನದು 9142, ಬಳಕೆ 730 ಯೂನಿಟ್. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಂದೇ ತಿಂಗಳಿಗೆ 730 ಯೂನಿಟ್ ಉರಿಯಲು ಸಾಧ್ಯವಿಲ್ಲ. ಹಳೆಯ ಬಿಲ್‌ಗಳನ್ನು ಹುಡುಕಿ ತೆಗೆದೆ. 8412 ಎಂಬುದು ಮೇ ತಿಂಗಳ ಅಂಕಿ. ಜೂನ್ ಮತ್ತು ಜುಲೈ ಬಿಲ್‌ಗಳಲ್ಲಿ ಮೀಟರ್ ಸ್ಥಿತಿಯ ಜಾಗದಲ್ಲಿ ‘ಡಿಎಲ್’ ಎಂದಿತ್ತು, ಅಂದರೆ ಡೋರ್ ಲಾಕ್. ಮೇಲಿನ ಮೀಟರ್ ಇರುವುದು ಗ್ರಿಲ್ ಬಾಗಿಲಿನ ಒಳಗೆ. ರೀಡಿಂಗ್‌ನವರು ಬರುವ ಹೊತ್ತಿಗೆ ಅದಕ್ಕೆ ಬೀಗ. ಆ ಎರಡೂ ತಿಂಗಳು ಹಳೆಯ ಸರಾಸರಿಯಂತೆ 130 ಯೂನಿಟ್ ಎಂದು ಬರೆದು ಬಿಲ್ ಕೊಟ್ಟಿದ್ದಾರೆ, ಮಗ ಕಟ್ಟಿದ್ದಾನೆ. ಆಗಸ್ಟ್‌ನಲ್ಲಿ ಗ್ರಿಲ್ ತೆರೆದಿತ್ತು, ನಿಜವಾದ ರೀಡಿಂಗ್ ಸಿಕ್ಕಿತು.

ಸರಾಸರಿ ಬಿಲ್ ಹಾಕುವುದು ತಪ್ಪಲ್ಲ, ಅದು ನಿಯಮದಲ್ಲೇ ಇದೆ. ನಿಜವಾದ ರೀಡಿಂಗ್ ಬಂದಾಗ ಮೊದಲೇ ಕಟ್ಟಿದ್ದನ್ನು ಕಳೆಯಬೇಕು, ಅಷ್ಟೇ. ನಮ್ಮ ಬಿಲ್‌ನಲ್ಲಿ ಮೂರು ತಿಂಗಳ ಬಳಕೆ ಪೂರ್ತಿ ಬಂದಿತ್ತು, ‘ಜಮೆ’ ಎಂಬ ಸಾಲು ಮಾತ್ರ ಸೊನ್ನೆ. 260 ಯೂನಿಟ್‌ಗೆ ಎರಡು ಸಲ ಹಣ ಕೇಳಿದಂತಾಯಿತು. 2025ರ ಏಪ್ರಿಲ್‌ನಿಂದ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ, ಅದರ ಮೇಲೆ ಶೇಕಡಾ 9 ತೆರಿಗೆ, ಜೊತೆಗೆ ನೌಕರರ ಪಿಂಚಣಿಯ ಬಾಬ್ತು 36 ಪೈಸೆ ಇತ್ತು. ಈ ಲೆಕ್ಕದಲ್ಲಿ ನಮಗೆ ಬರಬೇಕಾದ ಜಮೆ ಸುಮಾರು 1,737 ರೂಪಾಯಿ. (ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.) ಈಗ ಎಲ್ಲ ಯೂನಿಟ್‌ಗೂ ಒಂದೇ ದರ ಇರುವುದರಿಂದ ನಷ್ಟ ಇಲ್ಲಿಗೇ ನಿಂತಿತು. 2024ರ ಏಪ್ರಿಲ್‌ಗೆ ಮುಂಚೆ 100 ಯೂನಿಟ್ ದಾಟಿದರೆ ಅಷ್ಟಕ್ಕೂ ಹೆಚ್ಚಿನ ದರ ಬೀಳುತ್ತಿದ್ದ ಕಾಲದಲ್ಲಾಗಿದ್ದರೆ, ತಿಂಗಳುಗಳನ್ನು ಬಿಡಿಸಿ ಹಾಕಿಸಿಕೊಳ್ಳಲು ಇನ್ನೊಂದು ಜಗಳ ಬೇಕಾಗುತ್ತಿತ್ತು. ಗೃಹಜ್ಯೋತಿ ಇರುವವರು ಇಂದಿಗೂ ಎಚ್ಚರವಾಗಿರಬೇಕು. ಹಲವು ತಿಂಗಳ ಬಳಕೆ ಒಂದೇ ಬಿಲ್‌ಗೆ ಬಿದ್ದರೆ 200ರ ಗೆರೆ ದಾಟಿದಂತೆ ಕಾಣುತ್ತದೆ.

ಉಪವಿಭಾಗ ಕಚೇರಿಗೆ ಒಂದು ಪುಟದ ಅರ್ಜಿ ಬರೆದೆ. ಆರ್.ಆರ್. ನಂಬರ್, ಮೂರು ಬಿಲ್‌ಗಳ ನಕಲು, ಎರಡು ಪಾವತಿಯ ರಸೀದಿ, ಆ ದಿನ ತೆಗೆದ ಮೀಟರ್ ಫೋಟೋ. ಫೋಟೋದಲ್ಲಿ ಅಂಕಿಯ ಜೊತೆ ಮೀಟರ್‌ನ ಕ್ರಮಸಂಖ್ಯೆಯೂ ಕಾಣಬೇಕು, ಇಲ್ಲದಿದ್ದರೆ ಅದು ಯಾರ ಮೀಟರೋ ಎಂಬ ಪ್ರಶ್ನೆ ಬರುತ್ತದೆ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ಕಂದಾಯ ಶಾಖೆಯ ಹೆಣ್ಣುಮಗಳು ಲೆಡ್ಜರ್ ತೆರೆದು, “ಸರಿ ಸಾರ್, ಕಳೆದಿಲ್ಲ” ಎಂದು ಒಪ್ಪಿಕೊಂಡು ಬಿಲ್ ತಿದ್ದಿಕೊಟ್ಟರು. ಒಪ್ಪದಿದ್ದರೆ ಮುಂದಿನ ಮೆಟ್ಟಿಲು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಅಲ್ಲೂ ಕೇಳುವುದು ಈ ಮೊಹರಿನ ಪ್ರತಿಯನ್ನೇ.

ಹಣ ಸರಿಹೋಯಿತು, ನನ್ನ ಅನುಮಾನ ಹೋಗಲಿಲ್ಲ. 730ನ್ನು ಮೂರರಿಂದ ಭಾಗಿಸಿದರೆ ತಿಂಗಳಿಗೆ 243. ಹಳೆಯ ಸರಾಸರಿ 130. ಮಳೆಗಾಲದಲ್ಲಿ ಸೋಲಾರ್ ನೀರು ಕಾಯದೆ 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದ್ದರೆ ಅರವತ್ತು ಯೂನಿಟ್. ಉಳಿದ ಐವತ್ತು ಎಲ್ಲಿಯದು? ಮೀಟರ್ ಜೋರಾಗಿ ಓಡುತ್ತಿದೆ ಎಂದು ಮಗ ತೀರ್ಪು ಕೊಟ್ಟ.

ಅದನ್ನು ಮನೆಯಲ್ಲೇ ನೋಡಬಹುದು. ನಮ್ಮ ಎಲೆಕ್ಟ್ರಾನಿಕ್ ಮೀಟರ್‌ನ ಮುಖದ ಮೇಲೆ 3200 imp/kWh ಎಂದಿದೆ. ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ ಎಂದರ್ಥ. ಮನೆಯ ಎಲ್ಲವನ್ನೂ ಆರಿಸಿ, ಹಳೆಯ ಕಾಲದ 100 ವ್ಯಾಟ್‌ನ ಎರಡು ಬಲ್ಬ್ ಮಾತ್ರ ಉರಿಸಿ, ಕಾಲು ಗಂಟೆ ಎಣಿಸಿದೆ. 160 ಸಲ ಮಿನುಗಬೇಕು. 149 ಬಂತು. ವೋಲ್ಟೇಜ್ 230ಕ್ಕಿಂತ ಕಡಿಮೆ ಇದ್ದಾಗ ಬಲ್ಬ್ ತನ್ನ ಮೇಲೆ ಬರೆದಷ್ಟು ವಿದ್ಯುತ್ ಎಳೆಯುವುದಿಲ್ಲ, ಹಾಗಾಗಿ ತುಸು ಕಡಿಮೆ ಬರುವುದು ಸಹಜ. ಎಣಿಕೆ 180, 200 ಎಂದು ಮೇಲೇರಿದ್ದರೆ ಶುಲ್ಕ ಕಟ್ಟಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡುತ್ತಿದ್ದೆ. ಇಸ್ತ್ರಿಪೆಟ್ಟಿಗೆ, ಗೀಸರ್ ಇಟ್ಟುಕೊಂಡು ಇದನ್ನು ಮಾಡಬಾರದು, ಅವು ಕಾದ ಮೇಲೆ ತಾವೇ ನಿಂತುಬಿಡುತ್ತವೆ.

ಬಲ್ಬ್‌ಗಳನ್ನೂ ಆರಿಸಿ, ಒಳಗಿನ ಎಂಸಿಬಿಗಳನ್ನೆಲ್ಲ ಇಳಿಸಿದೆ. ಕೆಂಪು ದೀಪ ಸ್ತಬ್ಧವಾಯಿತು. ಅಷ್ಟರಲ್ಲಿ ಕೆಳಗೆ ನನ್ನ ಹೆಂಡತಿ ತೊಟ್ಟಿಗೆ ನೀರು ಬಿಡಲು ಮೋಟಾರ್ ಹಾಕಿದಳು. ಮೇಲಿನ ಮೀಟರ್‌ನ ದೀಪ ಪಟಪಟ ಮಿನುಗತೊಡಗಿತು! ಪಕ್ಕದಲ್ಲಿ ಭೂಸೋರಿಕೆ ಸೂಚಿಸುವ ಇನ್ನೊಂದು ಸಣ್ಣ ದೀಪವೂ ಹತ್ತಿಕೊಂಡಿತು. ಮೇಲಿನ ಮನೆಯ ಮೇನ್ ಸ್ವಿಚ್ ಅನ್ನೇ ಇಳಿಸಿದೆ. ಕೆಳಗಿನ ಮೋಟಾರ್ ನಿಂತಿತು.

ಮೇ ತಿಂಗಳಲ್ಲಿ ಹಳೆಯ ಮೋಟಾರ್ ಸುಟ್ಟು 1 ಎಚ್‌ಪಿಯ ಹೊಸದನ್ನು ಹಾಕಿಸಿದ್ದೆವು. ಆಗ ವೈರ್ ಎಳೆದವನು ಫೇಸ್ ಅನ್ನು ಕೆಳಗಿನ ಮೀಟರ್‌ನಿಂದ, ನ್ಯೂಟ್ರಲ್ ಅನ್ನು ಕೈಗೆ ಹತ್ತಿರ ಸಿಕ್ಕ ಮೇಲಿನ ಲೈನ್‌ನಿಂದ ಕೊಟ್ಟಿದ್ದ. ಇಂದಿನ ಮೀಟರ್‌ಗಳು ಕಳ್ಳತನ ತಡೆಯಲೆಂದು ಫೇಸ್ ಮತ್ತು ನ್ಯೂಟ್ರಲ್ ಎರಡರಲ್ಲೂ ಹರಿಯುವ ಕರೆಂಟ್ ಅಳೆದು, ಹೆಚ್ಚಿರುವುದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಹಾಗಾಗಿ ಮೋಟಾರ್‌ನ ಕರೆಂಟ್ ಹೋಗುವಾಗ ಕೆಳಗಿನ ಮೀಟರ್‌ನಲ್ಲಿ, ಮರಳುವಾಗ ಮೇಲಿನದರಲ್ಲಿ, ಎರಡು ಕಡೆ ದಾಖಲಾಗುತ್ತಿತ್ತು. ದಿನಕ್ಕೆ ಒಂದೂವರೆ ಗಂಟೆ ಓಡಿದರೆ ತಿಂಗಳಿಗೆ ಹೆಚ್ಚುಕಡಿಮೆ 45 ಯೂನಿಟ್. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್ ಬೇರ್ಪಡಿಸಿದ. ಇದು ನಾವೇ ಕೈ ಹಾಕುವ ಕೆಲಸವಲ್ಲ. ಒಂದು ಮನೆಯ ಮೇನ್ ಇಳಿಸಿ ನಿಶ್ಚಿಂತೆಯಿಂದ ವೈರ್ ಮುಟ್ಟಿದರೆ ಇನ್ನೊಂದು ಮನೆಯ ಕರೆಂಟ್ ಅಲ್ಲಿ ಕಾದಿರುತ್ತದೆ. ಹೀಗೆ ಹೋದ ಯೂನಿಟ್‌ಗಳಿಗೆ ಪರಿಹಾರ ಕೇಳಲಿಲ್ಲ. ಮೀಟರ್‌ನಿಂದ ಈಚಿನ ವೈರಿಂಗ್ ನಮ್ಮದು, ತಪ್ಪೂ ನಮ್ಮ ಕಡೆಯದೇ.

ಇನ್ನು ನಿಗದಿತ ಶುಲ್ಕ. ಬೀದಿಯಲ್ಲಿ ಎಲ್ಲರೂ ಬೈಯುವುದು ಇದನ್ನೇ. 2025ರ ಏಪ್ರಿಲ್‌ನಲ್ಲಿ ಕಿಲೋವ್ಯಾಟ್‌ಗೆ 120 ಇದ್ದದ್ದು 145 ಆಯಿತು. ಮೇಲಿನ ಮನೆಯ ಮಂಜೂರಾದ ಲೋಡ್ 3 ಕಿಲೋವ್ಯಾಟ್, ಅಂದರೆ ತಿಂಗಳಿಗೆ 75 ರೂಪಾಯಿ ಹೆಚ್ಚು. ಬಿಲ್ ಸಾವಿರಗಟ್ಟಲೆ ಜಿಗಿದರೆ ಅದಕ್ಕೆ ಇದು ಕಾರಣವಾಗಲಾರದು. ಆದರೆ ಆ ದರದಲ್ಲಿ ಬೀಗ ಹಾಕಿ ಊರಿಗೆ ಹೋದರೂ 435 ರೂಪಾಯಿ ಬಿದ್ದೇ ಬೀಳುತ್ತಿತ್ತು. ಲೋಡ್ 2ಕ್ಕೆ ಇಳಿಸಿದರೆ ಉಳಿತಾಯವಲ್ಲವೇ ಎಂದು ಸೊಸೆ ಕೇಳಿದಳು. ಮೀಟರ್‌ನ ಗುಂಡಿ ಒತ್ತುತ್ತಾ ಹೋದರೆ ಆ ತಿಂಗಳ ಗರಿಷ್ಠ ಬೇಡಿಕೆ ತೋರಿಸುತ್ತದೆ. 2.6 ಎಂದಿತ್ತು, ಬೆಳಿಗ್ಗೆ ಗೀಸರ್ ಮತ್ತು ಇಸ್ತ್ರಿ ಒಟ್ಟಿಗೆ ನಡೆದದ್ದರ ಗುರುತು. ಮಂಜೂರಾದದ್ದಕ್ಕಿಂತ ಹೆಚ್ಚು ಎಳೆದರೆ ದಂಡ ಬೀಳುವುದರಿಂದ ಲೋಡ್ ಹಾಗೆಯೇ ಬಿಟ್ಟೆವು. ಗ್ರಿಲ್‌ನ ಒಂದು ಬೀಗದ ಕೈ ಮಾತ್ರ ಈಗ ಕೆಳಗೆ ನಮ್ಮ ಹತ್ತಿರ ಇರುತ್ತದೆ.